ಲರ್ನಿಂಗ್ ರೇಟ್ ಯಾವಾಗ ಇಳಿಸಬೇಕು? ಗಂಗಾವತಿ ಭತ್ತದ ಮಾಡೆಲ್‌ನಲ್ಲಿ ನನ್ನ ಅನುಭವ

ಗಂಗಾವತಿಯ ಒಂದು ರೈಸ್ ಮಿಲ್ಲಿನವರಿಗೆ ಭತ್ತದ ಲಾಟ್ ಬಂದಾಗಲೇ ಅದರಲ್ಲಿ ನುಚ್ಚು ಎಷ್ಟು ಬರಬಹುದು ಅನ್ನೋ ಅಂದಾಜು ಬೇಕಿತ್ತು. ತೇವಾಂಶ, ತಳಿ, ಹಂಗಾಮು, ತೂಕ ಎಲ್ಲಾ ಬರೆದಿಟ್ಟ ಸುಮಾರು 6,400 ಲಾಟ್‌ಗಳ ದಾಖಲೆ ಕೊಟ್ಟರು. ಅದಕ್ಕೆ ಒಂದು ಚಿಕ್ಕ ನ್ಯೂರಲ್ ನೆಟ್‌ವರ್ಕ್ ಸಾಕು ಅಂತ ಕೂತೆ.

ಒಂದೊಂದು ಹೆಜ್ಜೆಗೂ ಎಲ್ಲಾ ಲಾಟ್ ನೋಡುವ ಬದಲು 32 ಲಾಟ್‌ಗಳ ಮಿನಿಬ್ಯಾಚ್ ತೆಗೆದುಕೊಂಡೆ. ಆಗ ದಾಖಲೆಯನ್ನು ಒಂದು ಸುತ್ತು ಮುಗಿಸುವಷ್ಟರಲ್ಲಿ ಮಾಡೆಲ್ ಸುಮಾರು 200 ಸಲ ತಿದ್ದಿಕೊಳ್ಳುತ್ತದೆ. ಆದರೆ 32 ಲಾಟ್ ತೋರಿಸುವ ದಿಕ್ಕು ಪೂರ್ತಿ ದಾಖಲೆಯ ದಿಕ್ಕಲ್ಲ, ಬರೀ ಅಂದಾಜು. ಅದಕ್ಕೇ ಪ್ರತಿ ಸುತ್ತಿಗೂ ಸಾಲುಗಳನ್ನು ಕಲೆಸಲೇಬೇಕು. ಮಿಲ್ಲಿನ ದಾಖಲೆ ತಾರೀಕಿನ ಪ್ರಕಾರ ಇರುತ್ತದೆ. ಹಾಗೇ ಬಿಟ್ಟರೆ ಮುಂಗಾರು ಬೆಳೆಯೆಲ್ಲ ಒಂದು ಕಡೆ, ಬೇಸಿಗೆ ಬೆಳೆಯೆಲ್ಲ ಇನ್ನೊಂದು ಕಡೆ ಎಳೆಯುತ್ತದೆ.

ನುಚ್ಚಿನ ಪ್ರಮಾಣವೂ ಸೇರಿ ಅಂಕಿಗಳನ್ನೆಲ್ಲ ಸರಾಸರಿ 0, ವೇರಿಯನ್ಸ್ 1 ಆಗುವಂತೆ ಒಂದೇ ಅಳತೆಗೆ ತಂದಿದ್ದೆ. ಹಾಗಾಗಿ ಸುಮ್ನೆ ಸರಾಸರಿ ಹೇಳಿದರೆ ಲಾಸ್, ಅಂದರೆ ತಪ್ಪಿನ ವರ್ಗಗಳ ಸರಾಸರಿ, 1 ಬರುತ್ತದೆ. ಪ್ರತಿ ಸಲ ತಿದ್ದಿಕೊಳ್ಳುವಾಗ ಹೆಜ್ಜೆ ಎಷ್ಟು ದೊಡ್ಡದಿರಬೇಕು ಅಂತ ಹೇಳುವುದು ಲರ್ನಿಂಗ್ ರೇಟ್. ಅದನ್ನು 1 ಇಟ್ಟಾಗ ಲಾಸ್ ಏರುತ್ತಾ ಹೋಗಿ `nan`, ಅಂದರೆ ಸಂಖ್ಯೆಯೇ ಅಲ್ಲದ್ದು, ಆಯಿತು. 0.001ರಲ್ಲಿ ನುಣ್ಣಗೆ ಇಳಿಯಿತು, ಆದರೆ 20 ಸುತ್ತು ಕಳೆದರೂ 0.55 ಹತ್ತಿರವೇ ಇತ್ತು. 0.1ರಲ್ಲಿ ಬೇಗ 0.42ಕ್ಕೆ ಬಂದು, ಆಮೇಲೆ 0.40 ಮತ್ತು 0.46ರ ನಡುವೆ ಕುಣಿಯುತ್ತಾ ನಿಂತುಬಿಟ್ಟಿತು.

ಇಲ್ಲಿ ಬಹಳ ಜನ ಮಾಡೆಲ್ ಇಷ್ಟೇ ಅಂತ ಕೈಬಿಡುತ್ತಾರೆ. ಆದರೆ ಹಾಗೆ ನಿಲ್ಲೋದಕ್ಕೆ ಎರಡು ಕಾರಣ ಇರಬಹುದು. ಮಾಡೆಲ್ ನಿಜವಾಗಿ ತಳ ಮುಟ್ಟಿರಬಹುದು. ಇಲ್ಲವೇ ಹೆಜ್ಜೆ ದೊಡ್ಡದಾಗಿ, ಮಿನಿಬ್ಯಾಚಿನ ಗದ್ದಲ ಅದನ್ನು ತಳದ ಸುತ್ತಲೇ ಎಸೆದಾಡುತ್ತಿರಬಹುದು. ರೇಟ್ ಜಾಸ್ತಿ ಇದ್ದಷ್ಟೂ ಈ ಅಲೆದಾಟ ಜಾಸ್ತಿ, ಬ್ಯಾಚ್ ದೊಡ್ಡದಾದಷ್ಟೂ ಕಡಿಮೆ. ಯಾವ ಕಾರಣ ಅಂತ ತಿಳಿಯಲು ನಾನು ರೇಟನ್ನು ಹತ್ತನೇ ಒಂದು ಭಾಗಕ್ಕೆ ಇಳಿಸುತ್ತೇನೆ. ಒಂದೆರಡು ಸುತ್ತಿನಲ್ಲೇ ಲಾಸ್ ದಡಕ್ಕನೆ ಇಳಿದರೆ ಅದು ಗದ್ದಲವೇ. ಇಲ್ಲಿ 0.01ಕ್ಕೆ ಇಳಿಸಿದ ಕೂಡಲೇ 0.36ಕ್ಕೆ ಬಂತು.

ಹಾಗಂತ ಮೊದಲೇ ಇಳಿಸಬಾರದು. ಗದ್ದಲ ಇರುವಾಗ ಯಾವಾಗ ಇಳಿಸಿದರೂ ಅದು ತಗ್ಗಿ ಲಾಸ್ ಇಳಿಯುತ್ತದೆ, ನೋಡಲು ಚೆನ್ನಾಗಿಯೇ ಕಾಣುತ್ತದೆ. ಆದರೆ ನಿಧಾನವಾಗಿ ಕಲಿಯಬೇಕಾದ ಸಂಗತಿಗಳು ಇನ್ನೂ ಬಾಕಿ ಇದ್ದರೆ, ಅವು ಅಲ್ಲಿಂದ ಹತ್ತು ಪಟ್ಟು ನಿಧಾನವಾಗುತ್ತವೆ. ಉದಾಹರಣೆಗೆ, ಕೆಲವೇ ಲಾಟ್ ಇರುವ ಅಪರೂಪದ ತಳಿಗಳು. ಆದ್ದರಿಂದ ತರಬೇತಿಗೆ ಬಳಸದೆ ಎತ್ತಿಟ್ಟ ಲಾಟ್‌ಗಳ ಲಾಸ್ ಕೆಲವು ಸುತ್ತು ಸುಧಾರಿಸದಿದ್ದಾಗ ಮಾತ್ರ ಇಳಿಸುತ್ತೇನೆ.

```
opt = torch.optim.SGD(model.parameters(), lr=0.1)
sched = torch.optim.lr_scheduler.ReduceLROnPlateau(
    opt, factor=0.1, patience=5)
# ಪ್ರತಿ ಸುತ್ತಿನ ಕೊನೆಗೆ
sched.step(val_loss)
```

ಮುಂದೆ 0.001ಕ್ಕೆ ಇಳಿದಾಗ ಲಾಸ್ ಅಲ್ಲಾಡಲೇ ಇಲ್ಲ. ಅಲ್ಲಿಗೆ ರೇಟಿನ ಕೆಲಸ ಮುಗಿದಿತ್ತು. ಉಳಿದ ತಪ್ಪು ದಾಖಲೆಯಲ್ಲೇ ಇಲ್ಲದ ವಿಷಯದಿಂದ ಇರಬೇಕು ಅನಿಸಿತು. ಕಣದಲ್ಲಿ ಭತ್ತ ಎಷ್ಟು ದಿನ ಒಣಗಿತ್ತು ಅನ್ನೋದನ್ನೂ ಇನ್ನು ಮೇಲೆ ಬರೆದಿಡಿ ಅಂತ ಮಿಲ್ಲಿನವರನ್ನು ಕೇಳಿಕೊಂಡೆ.