ಕೆಲಸ ಕಳೆದುಕೊಂಡ ಸಹೋದ್ಯೋಗಿಗೆ ಸಂದೇಶ ಬರೆಯುವುದು ಹೇಗೆ?

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಂಥ ಕಡೆ ಒಂದು ಕಾರ್ಖಾನೆ ಖರ್ಚು ಕಡಿತದ ಹೆಸರಿನಲ್ಲಿ ಕೆಲವರನ್ನು ಮನೆಗೆ ಕಳಿಸಿದರೆ, ಸುದ್ದಿ ಸಂಜೆಯ ಶಿಫ್ಟ್ ಬಸ್ಸಿನಲ್ಲೇ ಹರಡುತ್ತದೆ. ರಾತ್ರಿಯ ಹೊತ್ತಿಗೆ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿರುತ್ತವೆ. ಅವುಗಳಲ್ಲಿ ನಿಮ್ಮದೂ ಒಂದಾಗುವುದು ಬೇಡ. ಗುಂಪನ್ನು ಬಿಟ್ಟು, ಅವರ ಸ್ವಂತ ನಂಬರಿಗೆ ಬರೆಯಿರಿ. ಕಂಪನಿಯ ಇ-ಮೇಲ್ ಅಷ್ಟರಲ್ಲಿ ಬಂದ್ ಆಗಿರಬಹುದು.

ಉದಾಹರಣೆಗೆ, ವಾಹನ ಬಿಡಿಭಾಗ ತಯಾರಿಸುವ ಘಟಕವೊಂದರ ಸ್ಟೋರ್ಸ್ ವಿಭಾಗದಲ್ಲಿ ಹನ್ನೊಂದು ವರ್ಷ ದುಡಿದ ಹಿರಿಯರೊಬ್ಬರಿಗೆ ಅವರ ಕೈಕೆಳಗೆ ಕೆಲಸ ಕಲಿತ ಹುಡುಗ ಬರೆಯಬೇಕಾಗಿದೆ ಎಂದುಕೊಳ್ಳೋಣ. ಅವನ ಮೊದಲ ಕರಡು ಹೀಗಿತ್ತು: ‘ಅಣ್ಣ, ಚಿಂತೆ ಮಾಡಬೇಡಿ, ಆಗೋದೆಲ್ಲ ಒಳ್ಳೆಯದಕ್ಕೇ. ನಿಮ್ಮಂಥವರಿಗೆ ಕೆಲಸ ಸಿಗೋದು ಕಷ್ಟವೇ? ನಿಮ್ಮ ಸೇವೆ ಮರೆಯಲಾಗದು.’ ಬೈಗುಳವೇನೂ ಇಲ್ಲ, ಆದರೂ ಓದಿದವರಿಗೆ ಚುಚ್ಚುತ್ತದೆ. ಮನೆ ಸಾಲದ ಕಂತು, ಮಗಳ ಕಾಲೇಜಿನ ಶುಲ್ಕ ಲೆಕ್ಕ ಹಾಕುತ್ತ ಕುಳಿತವರಿಗೆ ‘ಒಳ್ಳೆಯದಕ್ಕೇ’ ಎನ್ನುವ ಅಧಿಕಾರ ನಮಗಿಲ್ಲ. ಕೆಲಸ ಬೇಗ ಸಿಗುತ್ತದೆಂಬುದು ನಮಗೆ ತಿಳಿದ ಸಂಗತಿಯೂ ಅಲ್ಲ. ‘ನಿಮ್ಮ ಸೇವೆ’ ಎಂಬುದಂತೂ ಬೀಳ್ಕೊಡುಗೆ ಸಮಾರಂಭದ ಶಾಲಿನ ಹಾಗೆ, ಯಾರಿಗೆ ಹೊದಿಸಿದರೂ ಸರಿಹೋಗುತ್ತದೆ.

ಆದ್ದರಿಂದ ಬರೆಯುವ ಮೊದಲು ಒಂದು ಹಾಳೆಯಲ್ಲಿ, ಅವರು ಮಾಡಿದ್ದನ್ನು ನೀವೇ ಕಣ್ಣಾರೆ ಕಂಡ ಎರಡು ಮೂರು ಕೆಲಸಗಳನ್ನು ಗುರುತು ಹಾಕಿಕೊಳ್ಳಿ. ‘ಶ್ರಮಜೀವಿ’, ‘ಪ್ರಾಮಾಣಿಕರು’ ಎಂಬ ಗುಣವಾಚಕಗಳು ಬಂದರೆ, ಅದು ನಿಮಗೆ ಯಾವಾಗ ಗೊತ್ತಾಯಿತು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಬರೆಯಬೇಕಾದದ್ದು ಆ ಉತ್ತರವನ್ನು. ನಮ್ಮ ಹುಡುಗನಿಗೆ ನೆನಪಾದದ್ದು ಆಯಿಲ್ ಸೀಲ್‌ಗಳ ರ‍್ಯಾಕು. ಹೊಸ ಸರಕನ್ನು ಹಳೆಯದರ ಮೇಲೆ ಸುರಿಯುತ್ತಿದ್ದ ಕಾರಣ ತಳದ ರಬ್ಬರ್ ಸೀಲ್‌ಗಳು ಹಾಗೇ ಉಳಿದು ಗಡಸಾಗುತ್ತಿದ್ದವು, ಅಸೆಂಬ್ಲಿಯವರು ಅವನ್ನು ತಿರುಗಿ ಕಳಿಸುತ್ತಿದ್ದರು. ಆ ಹಿರಿಯರು ಡಬ್ಬಿಗಳಿಗೆ ತಿಂಗಳಿಗೊಂದು ಬಣ್ಣದ ಚೀಟಿ ಅಂಟಿಸಿ, ಮೊದಲು ಬಂದದ್ದು ಮೊದಲು ಹೊರಹೋಗುವಂತೆ ಮಾಡಿದ್ದರು. ಇದನ್ನು ಬರೆದುಕೊಟ್ಟರೆ ಇನ್ನೊಂದು ಉಪಯೋಗವೂ ಉಂಟು. ಎಷ್ಟೋ ವರ್ಷ ಒಂದೇ ಕಡೆ ದುಡಿದವರಿಗೆ ತಾವು ಮಾಡಿದ್ದು ಕೆಲಸವೆಂದೇ ಅನ್ನಿಸಿರುವುದಿಲ್ಲ; ಸಂದರ್ಶನದಲ್ಲಿ ಹೇಳಲು ಅವರಿಗೆ ಒಂದು ಸಂಗತಿ ಸಿಕ್ಕಂತಾಗುತ್ತದೆ.

ನೆರವಿನ ಮಾತು ಬಂದಾಗ ನಿಮ್ಮ ಕೈಯಲ್ಲಿರುವಷ್ಟನ್ನೇ ಹೇಳಿ. ‘ಏನೇ ಬೇಕಾದರೂ ಕೇಳಿ’ ಎಂದರೆ ಕೇಳುವ ಭಾರವನ್ನೂ ಅವರ ತಲೆಗೇ ಕಟ್ಟಿದಂತೆ. ಮುಂದಿನ ಕಂಪನಿಯವರು ವಿಚಾರಿಸಿದರೆ ಮಾತನಾಡಲು ಸಿದ್ಧರಿದ್ದೀರೆಂದು ತಿಳಿಸಬಹುದು, ಆದರೆ ಕಂಪನಿಯ ಪರವಾಗಿ ಅಲ್ಲ, ಜೊತೆಯಲ್ಲಿ ದುಡಿದವರಾಗಿ ಮಾತ್ರ; ಹಾಗೆ ಹೇಳಲು ಅಡ್ಡಿಯಿದೆಯೇ ಎಂದು ಮೊದಲೇ ತಿಳಿದುಕೊಂಡಿರಿ. ಯಾರ ಹೆಸರು ಪಟ್ಟಿಗೆ ಹೇಗೆ ಸೇರಿತು ಎಂಬ ಊಹೆ, ಮೇಲಿನವರಿಗೆ ಬೈಗುಳ, ‘ಸದ್ಯ ನಾನು ಬಚಾವಾದೆ’ ಎಂಬ ನಿಟ್ಟುಸಿರು ಇವಕ್ಕೆ ಇದು ಜಾಗವಲ್ಲ. ತಿದ್ದಿದ ಸಂದೇಶ ಇದು:

‘ಅಣ್ಣ, ವಿಷಯ ನಿನ್ನೆ ತಿಳಿಯಿತು. ತುಂಬ ಬೇಸರವಾಯಿತು. ನೀವು ಬಣ್ಣದ ಚೀಟಿ ಶುರುಮಾಡಿದ ಮೇಲೆ ಹಳೆಯ ಸೀಲ್ ಬಂತೆಂದು ಅಸೆಂಬ್ಲಿಯಿಂದ ಒಮ್ಮೆಯೂ ನಾನು ಡಬ್ಬಿ ವಾಪಸ್ ತಂದಿಲ್ಲ. ಸೇರಿದ ಹೊಸತರಲ್ಲಿ ನಾನು ಬಿಲ್ಲನ್ನು ಎರಡು ಸಲ ನಮೂದಿಸಿದಾಗ ನೀವು ಎಲ್ಲರೆದುರು ಹೇಳದೆ ಪಕ್ಕಕ್ಕೆ ಕರೆದು ತೋರಿಸಿದಿರಿ. ಈಗ ಹೊಸಬರಿಗೆ ನಾನೂ ಹಾಗೇ ಹೇಳಿಕೊಡುತ್ತಿದ್ದೇನೆ. ಯಾರಾದರೂ ನಿಮ್ಮ ಕೆಲಸದ ಬಗ್ಗೆ ವಿಚಾರಿಸುವುದಾದರೆ ನನ್ನ ನಂಬರ್ ಕೊಡಿ, ಸಂಜೆ ಆರರ ಮೇಲೆ ಸಿಗುತ್ತೇನೆ. ಇದಕ್ಕೆ ಉತ್ತರ ಬರೆಯಬೇಕೆಂದೇನಿಲ್ಲ.’

ಕೊನೆಯ ಸಾಲನ್ನು ಬಿಡಬೇಡಿ. ಆ ವಾರ ಅವರಿಗೆ ಹತ್ತಾರು ಸಂದೇಶ ಬಂದಿರುತ್ತವೆ, ಪ್ರತಿಯೊಂದಕ್ಕೂ ಧನ್ಯವಾದ ಹೇಳುವುದೇ ಒಂದು ದಣಿವು. ನೀಲಿ ಗೆರೆ ಬಿದ್ದೂ ಉತ್ತರ ಬಾರದಿದ್ದರೆ ‘ನೋಡಿದಿರಾ ಅಣ್ಣ?’ ಎಂದು ಮತ್ತೆ ಕೆದಕಬೇಡಿ. ಎರಡು ಮೂರು ವಾರ ಬಿಟ್ಟು, ಒಮ್ಮೆ ಫೋನ್ ಮಾಡಿ. ಆ ವೇಳೆಗೆ ಬೇರೆಯವರ ಸಂದೇಶಗಳು ನಿಂತಿರುತ್ತವೆ. ಮುಂದೆ ಯಾರಾದರೂ ನಿಮ್ಮ ನಂಬರಿಗೆ ಕರೆ ಮಾಡಿ ಅವರ ಬಗ್ಗೆ ಕೇಳಿದರೆ, ಆ ಬಣ್ಣದ ಚೀಟಿಯ ಕಥೆಯನ್ನೇ, ಒಂದಕ್ಕೆರಡು ಸೇರಿಸದೆ ಹೇಳಿ.