ಕಿತ್ತೂರು ಪಾಠದಲ್ಲಿ ಕಾರಣ, ಕಿಡಿ, ಪರಿಣಾಮ ಬೇರೆ ಮಾಡಿಸಿದ್ದು ಹೀಗೆ

"ಚೀಟಿ ಆಡಿಸಿದ್ರೆ ಮಾರ್ಕ್ಸ್ ಬರುತ್ತಾ ಸಾರ್?" ಅಂತ ಸ್ಟಾಫ್ ರೂಮಿನಲ್ಲಿ ನಕ್ಕವರಿದ್ದರು. ಬಂತು. ಈ ಸಲ ನನ್ನ ಕ್ಲಾಸಿನ ನಲವತ್ತು ಚಿಲ್ಲರೆ ಮಕ್ಕಳಲ್ಲಿ ಮುಕ್ಕಾಲು ಪಾಲು ಕಿತ್ತೂರಿನ ಪ್ರಶ್ನೆಗೆ ಹಿನ್ನೆಲೆ, ತಕ್ಷಣದ ಕಾರಣ ಅಂದರೆ ಕಿಡಿ, ಪರಿಣಾಮ ಮೂರನ್ನೂ ಕಲಸದೆ ಬರೆದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೈಕೊಟ್ಟಿದ್ದು. ಮೂರು ಕಾಲಂ ಇರುವ ದೊಡ್ಡ ಫ್ಲೆಕ್ಸ್ ಹಾಕಿಸಿದ್ದೆ, ಆರುನೂರೋ ಏಳುನೂರೋ ರೂಪಾಯಿ, ನನ್ನ ಜೇಬಿಂದಲೇ. ಮಕ್ಕಳು ಕಾಲಂಗಳನ್ನೇ ಬಾಯಿಪಾಠ ಮಾಡಿದರು. ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಮುಗೀತು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಕಿತ್ತೂರಿನ ಯುದ್ಧಕ್ಕೆ ಡಾಲ್‌ಹೌಸಿಯ 'ದತ್ತು ಮಕ್ಕಳಿಗೆ ಹಕ್ಕಿಲ್ಲ' ನೀತಿ ಕಾರಣ ಅಂತ ಬರೆದಿದ್ದರು. ಯುದ್ಧ ಆಗಿದ್ದು 1824ರಲ್ಲಿ, ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದಿದ್ದು 1848ರಲ್ಲಿ! ಆ ಫ್ಲೆಕ್ಸ್ ಈಗ ಬಿಸಿಯೂಟದ ಕೋಣೆ ಕಿಟಕಿಯಲ್ಲಿ ಮಳೆ ತಡೆಯುತ್ತಿದೆ.

ಆಮೇಲೆ ಹಳೇ ಕ್ಯಾಲೆಂಡರ್ ಕತ್ತರಿಸಿ ಹನ್ನೆರಡು ಹದಿಮೂರು ಚೀಟಿ ಮಾಡಿದೆ. ಖರ್ಚು ಸೊನ್ನೆ. ಒಂದೊಂದರಲ್ಲಿ ಒಂದೇ ಸಂಗತಿ, ಇಸವಿ ಬರೆದಿಲ್ಲ. ಬೋರ್ಡಿನ ಮೇಲೆ ಮಾತ್ರ ದೊಡ್ಡದಾಗಿ ಬರೆದೆ: '23 ಅಕ್ಟೋಬರ್ 1824, ಕಿತ್ತೂರು ಕೋಟೆ ಬಾಗಿಲು, ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ.' ವಿವರಿಸಬೇಕಾದ ಘಟನೆ ಇದು, ಇದೊಂದೇ. ಇಲ್ಲಿ 'ಕಿತ್ತೂರಿನ ಹೋರಾಟ' ಅಂತ ಸಡಿಲವಾಗಿ ಬರೆದರೆ ಮುಂದೆ ಎಲ್ಲವೂ ಸಡಿಲ.

ಪ್ರತಿ ಚೀಟಿಗೂ ಮೊದಲ ಪ್ರಶ್ನೆ, ಇದು ಮುಂಚೆಯೋ ಆಮೇಲೋ? ಡಾಲ್‌ಹೌಸಿ ಇಲ್ಲೇ ಔಟ್. ಎರಡನೇದು, ಇದು ಆ ವರ್ಷ, ಆ ತಿಂಗಳೇ ಯಾಕೆ ಆಯ್ತು ಅಂತ ಹೇಳುತ್ತಾ, ಇಲ್ಲ ಯಾವತ್ತಾದರೂ ಆಗಬಹುದಿತ್ತು ಅಂತ ಮಾತ್ರ ಹೇಳುತ್ತಾ?

1818ರಲ್ಲಿ ಪೇಶ್ವೆ ಬಿದ್ದ ಮೇಲೆ ಕಿತ್ತೂರಿನ ಮೇಲೆ ಕಂಪನಿಯೇ ದೊರೆಯಾಗಿ ಕೂತಿತು. ಕಿತ್ತೂರಿನವರು ತಮ್ಮದು ಸಂಸ್ಥಾನ ಅಂದುಕೊಂಡಿದ್ದರು, ಕಂಪನಿ ಕಣ್ಣಿಗೆ ಅದು ತನ್ನ ಕೈಕೆಳಗಿನ ದೇಸಗತಿ. ಈ ಜಗಳ ಆರು ವರ್ಷ ಸುಮ್ನೆ ಮಲಗಿತ್ತು. ಹಾಗಾಗಿ ಅದು ಹಿನ್ನೆಲೆ. 1824ರ ಸೆಪ್ಟೆಂಬರ್ 11ಕ್ಕೆ ಕಿತ್ತೂರಿನ ದೇಸಾಯಿ ಶಿವಲಿಂಗ ರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಶಿವಲಿಂಗಪ್ಪ ಅನ್ನೋ ಹುಡುಗನನ್ನು ದತ್ತು ತಗೊಂಡಿದ್ದನ್ನು ಥ್ಯಾಕರೆ ಒಪ್ಪಲಿಲ್ಲ, ಖಜಾನೆಗೆ ಮುದ್ರೆ ಹಾಕಿಸಿದ, ಅಕ್ಟೋಬರಿನಲ್ಲಿ ತೋಪು ತಂದು ಬಾಗಿಲ ಮುಂದೆ ನಿಲ್ಲಿಸಿದ. ಇವು ತಕ್ಷಣದವು. ಆರೇ ವಾರದಲ್ಲಿ ಎಲ್ಲ ಮುಗಿದಿದೆ ನೋಡಿ.

ಖಜಾನೆ ಚೀಟಿಯಲ್ಲಿ ಗಲಾಟೆ ಆಯ್ತು. ಒಂದು ಗುಂಪು ಹಿನ್ನೆಲೆ ಅಂದಿತು, ಇನ್ನೊಂದು ಕಿಡಿ ಅಂದಿತು. ಚೀಟಿಯನ್ನೇ ಎರಡು ತುಂಡು ಮಾಡಿಸಿದೆ: 'ಖಜಾನೆ ತುಂಬಿತ್ತು', 'ಖಜಾನೆಗೆ ಮುದ್ರೆ ಬಿತ್ತು'. ಒಂದು ಸ್ಥಿತಿ, ಇನ್ನೊಂದು ಕೆಲಸ. ಜಗಳ ಎದ್ದ ಚೀಟಿಗಳಲ್ಲೆಲ್ಲ ಹೆಚ್ಚುಕಮ್ಮಿ ಹೀಗೇ ಎರಡು ಸಂಗತಿ ಅಂಟಿಕೊಂಡಿರುತ್ತವೆ.

ನಿಜವಾದ ಮಜಾ ಬಂದಿದ್ದು ಝಾನ್ಸಿ ತಂದಾಗ. 1853ರಲ್ಲಿ ಗಂಗಾಧರ ರಾವ್ ತೀರಿಕೊಂಡ, ದತ್ತು ಒಪ್ಪಲಿಲ್ಲ, ಮರುವರ್ಷ ರಾಜ್ಯ ಹೋಯ್ತು. ಆದರೆ ಅಲ್ಲಿ ದಂಗೆ ಎದ್ದಿದ್ದು 1857ರ ಜೂನಿನಲ್ಲಿ, ಸಿಪಾಯಿಗಳು ತಿರುಗಿ ಬಿದ್ದಾಗ. ಅಂದರೆ ಅದೇ 'ದತ್ತು ನಿರಾಕರಣೆ' ಚೀಟಿ ಕಿತ್ತೂರಿನಲ್ಲಿ ಕಿಡಿ, ಝಾನ್ಸಿಯಲ್ಲಿ ಹಿನ್ನೆಲೆ. ಸಾತಾರಾದಲ್ಲಿ 1848ರಲ್ಲಿ ಹೀಗೇ ದತ್ತು ಒಪ್ಪದೆ ರಾಜ್ಯ ತಗೊಂಡರು, ಆಗ ಯುದ್ಧವೇ ಆಗಲಿಲ್ಲ. ಹಿಂದಿನ ಬೆಂಚಿನ ಒಬ್ಬಳು, "ಸಾರ್, ಹಂಗಾದ್ರೆ ಚೀಟಿ ಹಿಂದೆ ಹೆಸರು ಬರೆದಿಡಕ್ಕಾಗಲ್ಲ, ಯಾವ ಘಟನೆ ಅಂತ ನೋಡೇ ಇಡಬೇಕು" ಅಂದಳು. ಫ್ಲೆಕ್ಸ್ ಯಾಕೆ ಸೋತಿತು ಅಂತ ನಾನು ಇಷ್ಟು ಚೆನ್ನಾಗಿ ಯಾರಿಗೂ ಹೇಳಿರಲಿಲ್ಲ.

ಪರಿಣಾಮದಲ್ಲಿ ಮಕ್ಕಳು ಜಾರುವುದು ಬೇರೆ ಥರ. ಆಮೇಲೆ ಆಗಿದ್ದೆಲ್ಲ ಪರಿಣಾಮ ಅಂದುಬಿಡುತ್ತಾರೆ. ಡಿಸೆಂಬರಿನಲ್ಲಿ ಕೋಟೆ ಬಿದ್ದಿದ್ದು, ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಗಿದ್ದು ಸರಿ, ಕಂಪನಿ ದೊಡ್ಡ ಸೈನ್ಯ ತಂದಿದ್ದೇ ಥ್ಯಾಕರೆ ಸತ್ತಿದ್ದಕ್ಕೆ. ಡಾಲ್‌ಹೌಸಿಯನ್ನೂ ಇಲ್ಲಿಗೆ ತಂದು ಹಾಕಲು ನೋಡಿದರು. ನಡುವಿನ ಕೊಂಡಿ ಒಂದು ವಾಕ್ಯದಲ್ಲಿ ಹೇಳಿ ಅಂದೆ, ಯಾರಿಗೂ ಆಗಲಿಲ್ಲ, ಚೀಟಿ ಮೇಜಿನ ಕೆಳಗೆ ಹೋಯ್ತು.

ರಾಯಣ್ಣನ ಚೀಟಿಯನ್ನು ನಾನು ಕೊನೆಗೆ ಕೊಡುತ್ತೇನೆ. ಹೇಗೆ ಕೊಡುತ್ತೇನೆ ಅನ್ನೋದು ಇಲ್ಲಿ ಬರೆಯಲ್ಲ, ಅದು ನನ್ನ ಬಳಿಯೇ ಇರಲಿ. ಸುಳಿವು ಇಷ್ಟೇ: 1829–30ರ ಅವನ ದಂಗೆ ಮೊದಲ ಬೋರ್ಡಿಗೆ ಪರಿಣಾಮ. ಬೋರ್ಡು ಒರೆಸಿ ಅದನ್ನೇ ಘಟನೆ ಅಂತ ಬರೆದರೆ, ಪರಿಣಾಮದ ಸಾಲಿನಲ್ಲಿದ್ದ 'ಕೋಟೆ ಬಿತ್ತು' ಚೀಟಿಯನ್ನು ಎತ್ತಿ ಹಿನ್ನೆಲೆಗೆ ಇಡಬೇಕಾಗುತ್ತೆ. ಒಂದು ಪೀರಿಯಡ್ ಸಾಲದು, ಎರಡು ಸೇರಿಸಿ ತಗೊಳ್ಳಿ.