ರಸೀದಿ ಪುಸ್ತಕ ಕಪಾಟು ಸೇರುವ ತನಕ: ನಮ್ಮ ಆಸ್ಪತ್ರೆಗೆ ಡಿಜಿಟಲ್ ಬಿಲ್ಲಿಂಗ್ ತಂದ ಅನುಭವ

ಕೊಡಗಿನ ಒಂದು ಪಟ್ಟಣದ ಪುರಸಭೆ ಆಸ್ಪತ್ರೆಯಲ್ಲಿ ಲೆಕ್ಕಪತ್ರ ವಿಭಾಗ ನನ್ನ ಜವಾಬ್ದಾರಿ. ಡಿಜಿಟಲ್ ಬಿಲ್ಲಿಂಗ್ ಬರುವ ಮೊದಲು ನಮ್ಮಲ್ಲಿ ಹೊರರೋಗಿ ಚೀಟಿಗೆ ಒಂದು ರಸೀದಿ ಪುಸ್ತಕ, ಲ್ಯಾಬಿಗೆ ಒಂದು, ಎಕ್ಸ್‌ರೇಗೆ ಒಂದು, ವಾರ್ಡಿಗೆ ಇನ್ನೊಂದು ಇತ್ತು. ಸಂಜೆ ಎಲ್ಲ ಪುಸ್ತಕಗಳೂ ಕ್ಯಾಷಿಯರ್ ಮೇಜಿಗೆ ಬರಬೇಕು, ಒಟ್ಟು ಹಾಕಿ ನಗದು ಪುಸ್ತಕಕ್ಕೆ ಏರಿಸಬೇಕು. ಒಬ್ಬ ರೋಗಿಗೆ ಆ ದಿನ ಒಟ್ಟು ಎಷ್ಟು ಬಿಲ್ ಆಯಿತು ಎಂದು ಯಾರಾದರೂ ಕೇಳಿದರೆ ನಾಲ್ಕು ಪುಸ್ತಕ ತಿರುವಬೇಕಿತ್ತು. ಕಂಪ್ಯೂಟರ್ ಬಂತು, ಕೇಬಲ್ ಎಳೆದರು, ತಂತ್ರಾಂಶದವರು ಬಂದು ತರಬೇತಿ ಕೊಟ್ಟರು. ಅಷ್ಟಕ್ಕೆ ಕೆಲಸ ಮುಗಿಯಿತೆಂದು ಬಿಟ್ಟ ಕಚೇರಿಗಳಲ್ಲಿ ಏನಾಗುತ್ತದೆಂದು ನಾನು ನೋಡಿದ್ದೇನೆ: ಕೆಲವೇ ತಿಂಗಳಲ್ಲಿ ಕೆಲಸವೆಲ್ಲ ಮತ್ತೆ ಪುಸ್ತಕದಲ್ಲಿ ನಡೆಯುತ್ತದೆ, ಕಂಪ್ಯೂಟರಿನಲ್ಲಿ ಅದರ ನಕಲು ಮಾತ್ರ ಇರುತ್ತದೆ. ಹಾಗಾಗಬಾರದೆಂದು ಕುರ್ಟ್ ಲೆವಿನ್ ಹೇಳಿದ ಮೂರು ಹಂತಗಳನ್ನು ಹಿಡಿದು ಕೆಲಸ ಮಾಡಿದೆವು.

ಜರ್ಮನಿಯಲ್ಲಿ ಓದಿ, ನಾಜಿಗಳ ಕಾಲದಲ್ಲಿ ಅಮೆರಿಕಕ್ಕೆ ಹೋದ ಈ ಮನಃಶಾಸ್ತ್ರಜ್ಞ 1947ರ ತನ್ನ ಬರಹದಲ್ಲಿ ಗುಂಪಿನ ರೂಢಿ ಬದಲಾಗುವುದನ್ನು ಮೂರು ಹಂತವಾಗಿ ಕಂಡ. ಮೊದಲು ಹಳೆಯ ರೂಢಿ ಕರಗಬೇಕು, ಆಮೇಲೆ ಹೊಸದರ ಕಡೆಗೆ ಸರಿಯಬೇಕು, ಕೊನೆಗೆ ಹೊಸದು ಹೆಪ್ಪುಗಟ್ಟಬೇಕು. ಇದರ ಜೊತೆಗೇ ಅವನು ಹೇಳಿದ ಇನ್ನೊಂದು ಮಾತು ನಮಗೆ ಹೆಚ್ಚು ಉಪಯೋಗಕ್ಕೆ ಬಂತು. ಯಾವುದೇ ರೂಢಿ ನಿಂತಲ್ಲೇ ನಿಂತಿರುವುದು ಎರಡು ಬಗೆಯ ಬಲಗಳ ನಡುವೆ. ಮುಂದಕ್ಕೆ ತಳ್ಳುವ ಬಲವನ್ನೇ ಹೆಚ್ಚಿಸುತ್ತ ಹೋದರೆ ಒಳಗಿನ ಬಿಗುವೂ ಹೆಚ್ಚುತ್ತದೆ. ತಡೆಯುವ ಬಲವನ್ನು ತೆಗೆದರೆ ಬಿಗುವಿಲ್ಲದೆ ಮುಂದೆ ಹೋಗಬಹುದು. ಜಾನ್ ಕಾಟರ್ 1995ರಲ್ಲಿ ಕೊಟ್ಟ ಎಂಟು ಹಂತಗಳ ಮಾದರಿಯನ್ನೂ ಓದಿದ್ದೆ. ಅದು 'ತುರ್ತು ಇದೆ' ಎಂಬ ಭಾವನೆ ಹುಟ್ಟಿಸುವುದರಿಂದ ಶುರುವಾಗುತ್ತದೆ. ನಮ್ಮಲ್ಲಿ ತುರ್ತಿಗೆ ಕೊರತೆಯಿರಲಿಲ್ಲ, ಆಡಿಟ್ ಆಕ್ಷೇಪಣೆಗಳ ಕಡತವೇ ದಪ್ಪಗಿತ್ತು. ನಮಗೆ ಗೊತ್ತಾಗಬೇಕಿದ್ದದ್ದು ಜನ ಯಾಕೆ ಹಿಂದೆ ಎಳೆಯುತ್ತಿದ್ದಾರೆ ಎಂಬುದು.

ಅದಕ್ಕೆ ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ನಡುವೆ ಗೆರೆ ಎಳೆದು, ಒಂದು ಕಡೆ ತಳ್ಳುವ ಕಾರಣ, ಇನ್ನೊಂದು ಕಡೆ ತಡೆಯುವ ಕಾರಣ ಬರೆಯಲು ಎಲ್ಲ ವಿಭಾಗದವರನ್ನೂ ಕೂರಿಸಿದೆ. 'ಕಂಪ್ಯೂಟರ್ ಬರುವುದಿಲ್ಲ' ಎಂಬ ಮಾತೇ ಮೊದಲು ಬರುತ್ತದೆಂದು ಮೇಲಿನವರು ಎಣಿಸಿದ್ದರು. ನಮ್ಮ ಹಿರಿಯ ಕ್ಯಾಷಿಯರ್ ಹೇಳಿದ್ದು ಬೇರೆ.

"ಮೇಡಂ, ಕಂಪ್ಯೂಟರಿಗೆ ನನಗೆ ಹೆದರಿಕೆ ಇಲ್ಲ. ಸಂಜೆ ಲೆಕ್ಕ ತಾಳೆಯಾಗದಿದ್ರೆ ದುಡ್ಡು ನನ್ನ ಸಂಬಳದಿಂದ ಹೋಗ್ತದೆ. ಪುಸ್ತಕ ಆದ್ರೆ ಯಾವ ಹಾಳೆಯಲ್ಲಿ ತಪ್ಪಿದೆ ಅಂತ ಹುಡುಕ್ತೇನೆ. ಇದರೊಳಗೆ ಎಲ್ಲಿ ಹುಡುಕುವುದು?"

ಇದು ನ್ಯಾಯವಾದ ಪ್ರಶ್ನೆ, ತರಬೇತಿಯಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ಹಾಗಾಗಿ ಪ್ರತಿಯೊಬ್ಬ ಕ್ಯಾಷಿಯರಿಗೂ ಅವರದೇ ಲಾಗಿನ್ ಮಾಡಿಸಿದೆವು, ಒಬ್ಬರ ಪಾಸ್‌ವರ್ಡಿನಲ್ಲಿ ಇನ್ನೊಬ್ಬರು ಕೂರುವಂತಿಲ್ಲ. ಶಿಫ್ಟ್ ಮುಗಿದಾಗ ಆ ಲಾಗಿನ್ನಿನ ವಸೂಲಿ ಪಟ್ಟಿ ಬಿಲ್ ಸಂಖ್ಯೆಯ ಕ್ರಮದಲ್ಲಿ ಮುದ್ರಣವಾಗಬೇಕು, ಬರುವವರೂ ಹೋಗುವವರೂ ಒಟ್ಟಿಗೆ ಎಣಿಸಿ ಸಹಿ ಹಾಕಬೇಕು. ಹೊಂದಾಣಿಕೆಯ ಅವಧಿಯಲ್ಲಿ ವ್ಯತ್ಯಾಸ ಬಂದರೆ ಮೊದಲು ವಿಚಾರಣೆ, ಕಾರಣ ಸಿಗುವ ತನಕ ಸಂಬಳದಿಂದ ಕಡಿತವಿಲ್ಲ ಎಂದು ವೈದ್ಯಾಧಿಕಾರಿಗಳಿಂದ ಲಿಖಿತ ಆದೇಶ ಪಡೆದೆ. ಆ ಒಂದು ಹಾಳೆ ನೋಟಿಸ್ ಬೋರ್ಡಿಗೆ ಬಿದ್ದ ಮೇಲೆ ನಗದು ಕೌಂಟರಿನವರ ಮಾತಿನ ಧಾಟಿಯೇ ಬದಲಾಯಿತು. ಅಲ್ಲಿಯ ತನಕ ಸುಮ್ಮನಿದ್ದವರು ಹಳೆಯ ಪದ್ಧತಿಯ ತೊಂದರೆಗಳನ್ನು ತಾವಾಗಿಯೇ ಹೇಳತೊಡಗಿದರು. ಕಾರ್ಬನ್ ಪ್ರತಿ ಮಾಸಿ ಮೊತ್ತ ಕಾಣದೆ ಇರುವುದು, ಸಂತೆಯ ದಿನ ಸಾಲು ಗೇಟಿನ ತನಕ ಹೋಗುವುದು, ಎಲ್ಲ ಹೊರಬಂತು. ಮೊದಲ ಹಂತ ಆಗಿದೆಯೋ ಇಲ್ಲವೋ ಎಂದು ತಿಳಿಯಲು ನನಗೆ ಇದಕ್ಕಿಂತ ಒಳ್ಳೆಯ ಗುರುತು ಸಿಕ್ಕಿಲ್ಲ. ಹಳೆಯದರ ದೋಷವನ್ನು ನಾವು ಹೇಳುತ್ತಿದ್ದರೆ ಅದಿನ್ನೂ ಗಟ್ಟಿಯಾಗಿದೆ, ಅವರೇ ಹೇಳುತ್ತಿದ್ದರೆ ಕರಗುತ್ತಿದೆ.

ತಡೆಯುವ ಕಡೆ ಇನ್ನೊಂದು ದೊಡ್ಡ ಕಾರಣ ಇದ್ದದ್ದು ಉಚಿತ ಚಿಕಿತ್ಸೆಯಲ್ಲಿ. ಹಾಡಿಯಿಂದ ಬಂದವರ ಕೈಯಲ್ಲಿ ಎಷ್ಟೋ ಸಲ ಕಾರ್ಡೇ ಇರುವುದಿಲ್ಲ. ವೈದ್ಯರು ಚೀಟಿಯ ಮೂಲೆಯಲ್ಲಿ 'ಉಚಿತ' ಎಂದು ಬರೆಯುತ್ತಿದ್ದರು, ಲ್ಯಾಬಿನವರು ಹಣ ಕೇಳುತ್ತಿರಲಿಲ್ಲ. ತಂತ್ರಾಂಶ ಬಂದರೆ ಆ ದಯೆಗೆ ಜಾಗವಿರುವುದಿಲ್ಲ, ತಾವು ಹಣ ಬಿಟ್ಟ ಹಾಗೆ ಕಾಣುತ್ತದೆ ಎಂಬ ಭಯ ಸಿಸ್ಟರುಗಳಿಗೂ ಟೆಕ್ನಿಷಿಯನ್ನರಿಗೂ ಇತ್ತು. ನಾವು ರಿಯಾಯಿತಿಗೆ ಕಾರಣಗಳ ಪಟ್ಟಿ ಮಾಡಿಸಿದೆವು: ಬಿಪಿಎಲ್ ಕಾರ್ಡ್, ಸರ್ಕಾರಿ ಯೋಜನೆ, ವೈದ್ಯರ ಆದೇಶ. ಮೂರನೆಯದನ್ನು ಆರಿಸಿದರೆ ಯಾವ ವೈದ್ಯರು ಎಂದು ನಮೂದಿಸಲೇಬೇಕು. ಬಿಲ್ ಪೂರ್ತಿ ಮೊತ್ತಕ್ಕೆ ಆಗುತ್ತದೆ, ರಿಯಾಯಿತಿ ಪ್ರತ್ಯೇಕ ಸಾಲಿನಲ್ಲಿ ಬರುತ್ತದೆ, ರೋಗಿ ಕೊಡಬೇಕಾದದ್ದು ಸೊನ್ನೆ. ಹಣ ಬಿಟ್ಟದ್ದು ಯಾರ ಆದೇಶದ ಮೇಲೆ ಎಂಬುದು ಬಿಲ್ಲಿನಲ್ಲೇ ಉಳಿದದ್ದರಿಂದ ಟೆಕ್ನಿಷಿಯನ್ನರ ಭಯ ಹೋಯಿತು.

ಯಾವ ವಿಭಾಗ ಯಾವಾಗ ಬದಲಾಗಬೇಕು ಎಂಬುದನ್ನು ಆಯಾ ವಿಭಾಗದವರೇ ಕೂತು ಗೊತ್ತುಮಾಡಲಿ ಎಂದು ಬಿಟ್ಟೆ. ಇದಕ್ಕೂ ಲೆವಿನ್ನನೇ ಆಧಾರ. ಎರಡನೇ ಮಹಾಯುದ್ಧದ ಕಾಲದಲ್ಲಿ, ಮಾಂಸದ ಕೊರತೆಯಿದ್ದಾಗ, ಅವನ ತಂಡ ಅಮೆರಿಕದ ಗೃಹಿಣಿಯರಿಗೆ ಪ್ರಾಣಿಯ ಗುಂಡಿಗೆ, ಮೂತ್ರಪಿಂಡದಂಥ ಭಾಗಗಳನ್ನೂ ಅಡುಗೆಗೆ ಬಳಸುವಂತೆ ಹೇಳಿತು. ಉಪನ್ಯಾಸ ಕೇಳಿದವರಲ್ಲಿ ಶೇ. 3ರಷ್ಟು ಮಂದಿ ಮಾತ್ರ ಹಾಗೆ ಮಾಡಿದರು. ಗುಂಪಾಗಿ ಕೂತು ಚರ್ಚಿಸಿ ತಾವೇ ತೀರ್ಮಾನಿಸಿದವರಲ್ಲಿ ಶೇ. 32ರಷ್ಟು ಮಂದಿ ಮಾಡಿದರು. ನಮ್ಮಲ್ಲಿ ಹೊರರೋಗಿ ಚೀಟಿಯವರು ಮೊದಲು ಒಪ್ಪಿದರು, ಎರಡನೆಯದಾಗಿ ಲ್ಯಾಬ್ ಬಂತು.

ಎರಡನೇ ಹಂತದ ಕಷ್ಟವೆಲ್ಲ ಲ್ಯಾಬಿನಲ್ಲೇ ಕಂಡಿತು. ಕೆಲ ಕಾಲ ಪುಸ್ತಕವೂ ಕಂಪ್ಯೂಟರೂ ಜೊತೆಜೊತೆಗೆ ನಡೆಯಬೇಕಿತ್ತು. ಆ ಅವಧಿಯಲ್ಲಿ ದಿನದ ಮೊತ್ತ ಎರಡೂ ಕಡೆ ಸರಿಯಾಗಿ ಹೊಂದುತ್ತಿತ್ತು. ಆದರೆ ನಾನು ಮೊತ್ತ ಬಿಟ್ಟು ಬಿಲ್ಲುಗಳ ಸಮಯ ನೋಡಿದೆ. ಬೆಳಗ್ಗೆ ಒಂಬತ್ತರಿಂದ ಒಂದರ ತನಕ ಬೆರಳೆಣಿಕೆಯಷ್ಟು ಬಿಲ್, ಶಿಫ್ಟ್ ಮುಗಿಯುವ ಹೊತ್ತಿಗೆ, ಒಂದೂವರೆಯಿಂದ ಎರಡರ ಒಳಗೆ, ಉಳಿದವೆಲ್ಲ. ಅಂದರೆ ರೋಗಿ ಎದುರಿಗಿದ್ದಾಗ ಪುಸ್ತಕದಲ್ಲಿ ಬರೆದು, ಕೊನೆಗೆ ಒಟ್ಟಿಗೆ ಕಂಪ್ಯೂಟರಿಗೆ ಏರಿಸುತ್ತಿದ್ದಾರೆ. ಮೊತ್ತ ತಾಳೆಯಾಗುವುದು ಬದಲಾವಣೆಯ ಲಕ್ಷಣವಲ್ಲ. ಬಿಲ್ಲಿನ ಸಮಯ ರೋಗಿ ಬಂದ ಸಮಯದ ಹತ್ತಿರಕ್ಕೆ ಬರುವುದು ಲಕ್ಷಣ.

ಯಾಕೆ ಹೀಗೆ ಎಂದು ಟೆಕ್ನಿಷಿಯನ್ ಪಕ್ಕದಲ್ಲೇ ಕೂತು ನೋಡಿದಾಗ ಕಾರಣ ಕಂಡಿತು. ರೋಗಿಯ ಹೆಸರು ಹುಡುಕುವುದರಲ್ಲೇ ಹೊತ್ತು ಹೋಗುತ್ತಿತ್ತು. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಕೆಲವರು ಅದನ್ನು ಸೇರಿಸಿ ಹೇಳುತ್ತಾರೆ, ಕೆಲವರು ಬರೀ ಪೊನ್ನಮ್ಮ, ಮುತ್ತಪ್ಪ ಎನ್ನುತ್ತಾರೆ. ತೋಟದ ಲೈನ್‌ಮನೆಯಿಂದ ಬಂದವರು ಫೋನ್ ನಂಬರ್ ಎಂದು ಮೇಸ್ತ್ರಿಯ ನಂಬರ್ ಕೊಡುತ್ತಾರೆ, ಒಂದೇ ನಂಬರಿಗೆ ಇಪ್ಪತ್ತು ಮಂದಿ ಸಿಗುತ್ತಾರೆ. ಹುಡುಕಿ ಸಿಗದೆ ಹೊಸದಾಗಿ ನೋಂದಾಯಿಸಿದರೆ ಒಬ್ಬರೇ ರೋಗಿಗೆ ಎರಡು ಮೂರು ದಾಖಲೆ. ಪರಿಹಾರ ಸರಳವಾಗಿತ್ತು: ಹೊರರೋಗಿ ಚೀಟಿಯ ಮೇಲೆ ನೋಂದಣಿ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ, ಲ್ಯಾಬಿನಲ್ಲಿ ಅದೊಂದರಿಂದಲೇ ಹುಡುಕುವುದು. ಬಿಲ್ಲಿನ ಸಮಯಗಳು ಬೆಳಗಿನ ಉದ್ದಕ್ಕೂ ಹರಡಿಕೊಂಡವು.

ವಾರ್ಡಿನಿಂದ ಬರುವ ತುರ್ತು ಮಾದರಿಗಳು ಬೇರೆಯದೇ ಪ್ರಶ್ನೆ. ಬಿಲ್ ಇಲ್ಲದೆ ಪರೀಕ್ಷೆ ಇಲ್ಲ ಎಂಬ ನಿಯಮವನ್ನು ಆಸ್ಪತ್ರೆಯಲ್ಲಿ ತರಲಾಗದು, ತರಲೂ ಬಾರದು. ಪರೀಕ್ಷೆ ಮೊದಲು, ಬಿಲ್ 'ಬಾಕಿ' ಎಂದು ದಾಖಲಾಗಿ ಡಿಸ್ಚಾರ್ಜ್ ವೇಳೆಗೆ ಸೇರಲಿ ಎಂದು ಮಾಡಿದೆವು. ಇದನ್ನು ಕಾಯಲು ದಿನವೂ ಒಂದು ತಾಳೆ: ಮಾದರಿ ರಿಜಿಸ್ಟರಿನ ಸಂಖ್ಯೆ ಒಂದು ಕಡೆ, ಬಾಕಿಯೂ ಉಚಿತವೂ ಸೇರಿದ ಬಿಲ್ಲುಗಳ ಸಂಖ್ಯೆ ಇನ್ನೊಂದು ಕಡೆ. ಮಾದರಿ 64 ಇದ್ದು ಬಿಲ್ 57 ಇದ್ದರೆ ಉಳಿದ 7ರ ಹೆಸರು ಅದೇ ಸಂಜೆ ಹುಡುಕಬೇಕು. ಮಾರನೇ ದಿನಕ್ಕೆ ಬಿಟ್ಟರೆ ರೋಗಿ ಮನೆಗೆ ಹೋಗಿರುತ್ತಾರೆ. ಹಣದ ತಾಳೆಯಲ್ಲಿ ಇದು ಎಂದೂ ಕಾಣುವುದಿಲ್ಲ, ಬಿಲ್ಲೇ ಆಗದ ಹಣ ಎರಡೂ ಕಡೆ ಇರುವುದಿಲ್ಲವಲ್ಲ. 'ಇತರೆ' ಎಂಬ ಶೀರ್ಷಿಕೆಯ ಮೊತ್ತವನ್ನೂ ವಾರಕ್ಕೊಮ್ಮೆ ನೋಡುತ್ತಿದ್ದೆ. ಅದು ಬೆಳೆದರೆ ಯಾವುದೋ ಸೇವೆ ಪಟ್ಟಿಯಲ್ಲಿ ಸುಲಭವಾಗಿ ಸಿಗುತ್ತಿಲ್ಲ ಎಂದರ್ಥ.

ಮೂರನೇ ಹಂತಕ್ಕೆ ನಮ್ಮ ಮಳೆಗಾಲವೇ ಪರೀಕ್ಷೆ. ಜೂನ್ ಕಳೆದರೆ ಮರ ಬಿದ್ದು ಕರೆಂಟ್ ಹೋಗುತ್ತದೆ, ನೆಟ್‌ವರ್ಕ್ ಹೋಗುತ್ತದೆ, ಯುಪಿಎಸ್ ಎಷ್ಟು ಹೊತ್ತು ತಡೆದೀತು? ಆ ಹೊತ್ತಿಗೆ ಪ್ರತಿ ವಿಭಾಗದ ಡ್ರಾಯರಿನಲ್ಲಿ ಹಳೆಯ ರಸೀದಿ ಪುಸ್ತಕ ಇದ್ದರೆ, ಕರೆಂಟ್ ಬಂದ ಮೇಲೂ ಅದೇ ಮುಂದುವರಿಯುತ್ತದೆ. ಪುಸ್ತಕವನ್ನು ಪೂರ್ತಿ ತೆಗೆದುಬಿಟ್ಟರೆ ಹಣ ತೆಗೆದುಕೊಳ್ಳಲು ದಾರಿಯೇ ಇಲ್ಲ. ವಾರ್ಡಿನದೊಂದನ್ನು ಬಿಟ್ಟು ಹಳೆಯವನ್ನೆಲ್ಲ ಹಿಂದಕ್ಕೆ ಪಡೆದು, ಅವುಗಳಲ್ಲಿ ಉಳಿದ ಹಾಳೆಗಳನ್ನು ರದ್ದು ಮಾಡಿ ದಾಸ್ತಾನು ರಿಜಿಸ್ಟರಿನಲ್ಲಿ ಬರೆದು, ಇಡೀ ಆಸ್ಪತ್ರೆಗೆ ಬೇರೆ ಸರಣಿಯ ಒಂದೇ ತುರ್ತು ಪುಸ್ತಕ ಇಟ್ಟೆವು. ಅದು ಡ್ಯೂಟಿ ವೈದ್ಯರ ಕಪಾಟಿನಲ್ಲಿ ಬೀಗದೊಳಗೆ. ತೆಗೆದ ಗಂಟೆ, ಮರಳಿಸಿದ ಗಂಟೆ, ಬಳಸಿದ ರಸೀದಿ ಸಂಖ್ಯೆ ಅದರ ಮೇಲೆಯೇ ಬರೆಯಬೇಕು. ಕರೆಂಟ್ ಬಂದ ಕೂಡಲೇ ಆ ರಸೀದಿಗಳನ್ನು ಅದೇ ಸಂಖ್ಯೆ ನಮೂದಿಸಿ ಕಂಪ್ಯೂಟರಿಗೆ ಏರಿಸಬೇಕು, ಏರಿಸದೆ ಶಿಫ್ಟ್ ಮುಚ್ಚುವಂತಿಲ್ಲ. ಮಳೆ ಬರುವ ಮೊದಲೇ, ಬಿಸಿಲಿರುವಾಗ, ಬೇಕೆಂದೇ ವ್ಯವಸ್ಥೆ ನಿಲ್ಲಿಸಿ ಇದನ್ನು ಅಭ್ಯಾಸ ಮಾಡಿಸಿದೆ.

ಕಾಗದದ ಮಾತನ್ನೂ ಹೇಳಬೇಕು. ಥರ್ಮಲ್ ಕಾಗದದ ಬಿಲ್ ಕೆಲವು ತಿಂಗಳಲ್ಲಿ ಮಾಸುತ್ತದೆ, ಆಡಿಟ್ ಬರುವ ಹೊತ್ತಿಗೆ ಬಿಳಿ ಹಾಳೆ. ಕಚೇರಿ ಪ್ರತಿಗಾಗಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನೇ ಉಳಿಸಿಕೊಂಡೆವು. ನಮ್ಮ ಥಂಡಿಗೆ ಕಾಗದ ತೇವ ಹೀರಿ ಪ್ರಿಂಟರಿನಲ್ಲಿ ಸಿಕ್ಕಿಕೊಳ್ಳುವುದರಿಂದ ಕಟ್ಟುಗಳನ್ನು ಮುಚ್ಚಳದ ಪೆಟ್ಟಿಗೆಯಲ್ಲಿಟ್ಟು, ಬೇಕಾದಷ್ಟನ್ನೇ ಹೊರತೆಗೆಯುತ್ತೇವೆ. ರಿಬ್ಬನ್ ಮತ್ತು ಕಾಗದಕ್ಕೆ ವಾರ್ಷಿಕ ಇಂಡೆಂಟಿನಲ್ಲಿ ಖಾಯಂ ಜಾಗ ಮಾಡಿಸಿದ್ದು, ಶಿಫ್ಟ್ ತಾಳೆಯನ್ನು ಡ್ಯೂಟಿ ಚಾರ್ಟಿನಲ್ಲಿ ಸೇರಿಸಿದ್ದು, ಇವೇ ನನ್ನ ಲೆಕ್ಕದಲ್ಲಿ ಹೆಪ್ಪುಗಟ್ಟಿಸುವ ಕೆಲಸ. ಉದ್ಘಾಟನೆಯ ಫಲಕದಿಂದ ಅದು ಆಗುವುದಿಲ್ಲ.

ಮೂರು ಹಂತ ಎಂದಾಗ ಇಡೀ ಆಸ್ಪತ್ರೆ ಒಟ್ಟಿಗೆ ಮೆಟ್ಟಿಲೇರುತ್ತದೆ ಎಂದು ತೋರುತ್ತದೆ. ಹಾಗಿಲ್ಲ. ನಗದು ಕೌಂಟರ್ ಮೂರನೆಯದರಲ್ಲಿದೆ, ಒಳರೋಗಿ ವಾರ್ಡ್ ಇನ್ನೂ ಎರಡನೆಯದರಲ್ಲೇ ಇದೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಸಿಸ್ಟರ್ ಇಡೀ ವಾರ್ಡ್ ನೋಡಿಕೊಳ್ಳುವಾಗ, ಬಳಸಿದ ಸಿರಿಂಜು, ಗ್ಲೂಕೋಸ್ ಬಾಟಲಿಗಳನ್ನು ಆಗಿಂದಾಗ ಏರಿಸಿ ಎಂದು ಹೇಳುವುದು ನ್ಯಾಯವಲ್ಲ. ಅಲ್ಲಿ ತಡೆಯುವ ಬಲ ಕೈಗಳ ಕೊರತೆ, ಅದು ತಂತ್ರಾಂಶದಿಂದ ತೀರುವಂಥದ್ದಲ್ಲ. ಸದ್ಯಕ್ಕೆ ಹಾಸಿಗೆಯ ಕೇಸ್‌ಶೀಟಿಗೇ ಒಂದು ಗುರುತು ಹಾಕುವ ಹಾಳೆ ಸೇರಿಸಿದ್ದೇವೆ. ಸಿಸ್ಟರ್ ಬಳಸಿದ್ದಕ್ಕೆ ಗುರುತು ಹಾಕಿದರೆ ಸಾಕು, ಬೆಳಗಿನ ಡಾಟಾ ಎಂಟ್ರಿಯವರು ರೌಂಡ್ಸಿಗೆ ಮೊದಲು ಅದನ್ನು ಏರಿಸುತ್ತಾರೆ. ರಾತ್ರಿಗೆ ಇನ್ನೊಬ್ಬರನ್ನು ಕೊಡಿ ಎಂಬ ಪ್ರಸ್ತಾವನೆ ಪುರಸಭೆಗೆ ಹೋಗಿದೆ. ಅದು ಮಂಜೂರಾಗುವ ತನಕ ವಾರ್ಡಿನ ರಸೀದಿ ಪುಸ್ತಕವನ್ನು ನಾನು ಹಿಂದಕ್ಕೆ ಪಡೆಯುವುದಿಲ್ಲ.